ಸರಾಸರಿ ಮೂರು ಜಾಗ ಖಾಲಿ, ಆದರೂ ಗ್ರಾಹಕ ವಾಪಸ್

ಜಿಲ್ಲಾ ಕೇಂದ್ರವೊಂದರ ಪೇಟೆಬೀದಿಯಲ್ಲಿ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಪಕ್ಕದ ಖಾಲಿ ಸೈಟನ್ನು ಬಾಡಿಗೆಗೆ ಹಿಡಿದು, ಬಿಳಿ ಗೆರೆ ಎಳೆಸಿ, 10 ಕಾರು ನಿಲ್ಲುವಷ್ಟು ಜಾಗ ಮಾಡಿದ್ದಾರೆ. ಗೇಟಿನಲ್ಲೊಬ್ಬ ಸೆಕ್ಯೂರಿಟಿ. ಜಾಗ ತುಂಬಿದಾಗ ಅವನು ‘ಪಾರ್ಕಿಂಗ್ ಫುಲ್’ ಬೋರ್ಡನ್ನು ಅಡ್ಡ ಇಡುತ್ತಾನೆ. ಒಳಗೆ ಹೋಗಲಾಗದ ಕಾರು ಮುಂದೆ ಸಾಗುತ್ತದೆ. ಅದರಲ್ಲಿದ್ದವರು ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಮಾಲೀಕರು ದಿನಕ್ಕೆ ನಾಲ್ಕಾರು ಸಲ ಕಿಟಕಿಯಿಂದ ಇಣುಕಿ ನೋಡುತ್ತಾರೆ. ಯಾವಾಗ ನೋಡಿದರೂ ಎರಡೋ ಮೂರೋ ಜಾಗ ಖಾಲಿ ಕಾಣುತ್ತದೆ. ಆದರೂ ಪರಿಚಯದವರು ಸಿಕ್ಕಾಗ, ‘ನಿಮ್ಮಲ್ಲಿ ಗಾಡಿ ನಿಲ್ಲಿಸೋಕೆ ಜಾಗಾನೇ ಇರಲ್ಲ ಕಣ್ರೀ’ ಎನ್ನುತ್ತಾರೆ. ಮಾಲೀಕರಿಗೆ ಇದು ಉತ್ಪ್ರೇಕ್ಷೆಯಂತೆ ಕೇಳಿಸುತ್ತದೆ.

ಇಬ್ಬರೂ ಹೇಳುತ್ತಿರುವುದು ನಿಜ. ಸರಾಸರಿ ಮೂರು ಜಾಗ ಖಾಲಿ ಇರುವ ಅದೇ ಸೈಟಿನಿಂದ ಬಂದ ಎಂಟು ಕಾರುಗಳಲ್ಲಿ ಒಂದು ಹೊರಳಿ ಹೋಗುತ್ತಿರಬಹುದು. ಇದು ಹೇಗೆ ಸಾಧ್ಯ, ಹಾಗೆ ಹೋದವರ ಸಂಖ್ಯೆಯನ್ನು ಯಾರೂ ಎಣಿಸದಿದ್ದರೂ ತಿಳಿದುಕೊಳ್ಳುವುದು ಹೇಗೆ ಎಂಬುದಕ್ಕೆ ನೂರು ವರ್ಷಕ್ಕೂ ಹಳೆಯದಾದ ಒಂದು ಲೆಕ್ಕವಿದೆ. ಮಗ್ಗಿ ಬಲ್ಲವರು ಒಂದು ಹಾಳೆಯ ಮೇಲೆ ಮಾಡಿ ಮುಗಿಸಬಹುದಾದಷ್ಟು ಸರಳವಾದ ಲೆಕ್ಕ ಅದು.

ಈ ಲೆಕ್ಕ ಹುಟ್ಟಿದ್ದು ಪಾರ್ಕಿಂಗ್‌ಗಾಗಿ ಅಲ್ಲ, ದೂರವಾಣಿಗಾಗಿ. ಡೆನ್ಮಾರ್ಕಿನ ಗಣಿತಜ್ಞ ಅಗ್ನೆರ್ ಕ್ರಾರುಪ್ ಎರ್ಲಾಂಗ್ (1878-1929) ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಎರಡು ವಿನಿಮಯ ಕೇಂದ್ರಗಳ ನಡುವೆ ಎಷ್ಟು ತಂತಿ ಎಳೆದರೆ ಸಾಕು ಎಂಬುದು ಕಂಪನಿಯ ಮುಂದಿದ್ದ ಪ್ರಶ್ನೆ. ಎಲ್ಲ ತಂತಿಗಳೂ ಮಾತಿನಲ್ಲಿ ತೊಡಗಿದ್ದಾಗ ಬಂದ ಕರೆ ಸಿಗುವುದಿಲ್ಲ, ಕರೆ ಮಾಡಿದವನು ರಿಸೀವರ್ ಕೆಳಗಿಡುತ್ತಾನೆ. ಹಾಗೆ ಕೈತಪ್ಪುವ ಕರೆಗಳ ಪಾಲು ಎಷ್ಟು ಎಂದು ಹೇಳುವ ಸೂತ್ರವನ್ನು ಎರ್ಲಾಂಗ್ 1917ರಲ್ಲಿ ಪ್ರಕಟಿಸಿದರು. ತಂತಿಯ ಬದಲು ಕಾರು ನಿಲ್ಲುವ ಜಾಗ, ಮಾತಿನ ಅವಧಿಯ ಬದಲು ಕಾರು ನಿಂತಿರುವ ಅವಧಿ ಎಂದು ಓದಿಕೊಂಡರೆ ನಮ್ಮ ಸೀರೆ ಅಂಗಡಿಯ ಪ್ರಶ್ನೆಯೂ ಅದೇ. ಜಾಗಕ್ಕೆ ಮಿತಿಯಿದೆ, ಮಿತಿ ತುಂಬಿದ ಮೇಲೆ ಬಂದವರು ಕಾಯುವುದಿಲ್ಲ, ಹೊರಟುಹೋಗುತ್ತಾರೆ. ಬಂದವನೊಬ್ಬ ಹೀಗೆ ಜಾಗ ಸಿಗದೆ ಹೋಗುವ ಸಾಧ್ಯತೆಯನ್ನು ಸರದಿ ಸಿದ್ಧಾಂತದಲ್ಲಿ ತಡೆಯ ಸಂಭವನೀಯತೆ ಎನ್ನುತ್ತಾರೆ.

ಲೆಕ್ಕಕ್ಕೆ ಬೇಕಾದುದು ಮೂರೇ ಸಂಗತಿ. ಜಾಗ ಎಷ್ಟು? ಹತ್ತು. ಗಂಟೆಗೆ ಎಷ್ಟು ಕಾರು ಬರುತ್ತವೆ? ಸರಾಸರಿ 12 ಎಂದಿಟ್ಟುಕೊಳ್ಳೋಣ. ಬಂದ ಕಾರು ಎಷ್ಟು ಹೊತ್ತು ನಿಲ್ಲುತ್ತದೆ? ಸರಾಸರಿ 40 ನಿಮಿಷ. ಈ ಕೊನೆಯ ಎರಡನ್ನು ಗುಣಿಸಿ: ಗಂಟೆಗೆ 12 ಕಾರು, ಪ್ರತಿಯೊಂದೂ ಗಂಟೆಯ ಮೂರನೇ ಎರಡು ಭಾಗ, ಒಟ್ಟು 8. ಜಾಗಕ್ಕೆ ಮಿತಿಯೇ ಇಲ್ಲದೆ ದೊಡ್ಡ ಬಯಲಿದ್ದಿದ್ದರೆ ಅಲ್ಲಿ ಯಾವುದೇ ಹೊತ್ತಿನಲ್ಲಿ ಸರಾಸರಿ 8 ಕಾರು ನಿಂತಿರುತ್ತಿದ್ದವು ಎಂದು ಇದರ ಅರ್ಥ. ಇದನ್ನು ಹೊರೆ ಎನ್ನೋಣ. ದೂರವಾಣಿ ಎಂಜಿನಿಯರುಗಳು ಈ ಹೊರೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಅಂಗಡಿಯ ಹೊರೆ 8 ಎರ್ಲಾಂಗ್, ಜಾಗ 10. ಎಂಟಕ್ಕೆ ಹತ್ತು ಧಾರಾಳವಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವುವುದು ಇಲ್ಲಿಯೇ.

ಕಾರುಗಳು ಐದೈದು ನಿಮಿಷಕ್ಕೆ ಒಂದರಂತೆ ಬಂದು, ಸರಿಯಾಗಿ 40 ನಿಮಿಷ ನಿಂತು ಹೋಗುವುದಾದರೆ ಹತ್ತು ಜಾಗ ನಿಜಕ್ಕೂ ಧಾರಾಳವೇ. ಆದರೆ ಅವು ಹಾಗೆ ಬರುವುದಿಲ್ಲ. ಹತ್ತು ನಿಮಿಷ ಒಂದೂ ಬರದೆ, ಮುಂದಿನ ಹತ್ತು ನಿಮಿಷದಲ್ಲಿ ಐದು ಬರುತ್ತವೆ. ಒಬ್ಬರು ಬ್ಲೌಸ್ ಪೀಸ್ ತೆಗೆದುಕೊಂಡು ಹತ್ತು ನಿಮಿಷಕ್ಕೆ ಹೊರಟರೆ, ಇನ್ನೊಬ್ಬರು ಮದುವೆ ಜವಳಿ ತೆಗೆಯಲು ಕೂತು ಎರಡು ಗಂಟೆ ಕಳೆಯುತ್ತಾರೆ. ಹಾಗಾಗಿ ಒಳಗಿರುವ ಕಾರುಗಳ ಸಂಖ್ಯೆ 8ರಲ್ಲಿ ನಿಲ್ಲದೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನಮಗೆ ಬೇಕಾದುದು ಅದು ಎಷ್ಟು ಹೊತ್ತು ಹತ್ತರಲ್ಲಿ ನಿಂತಿರುತ್ತದೆ ಎಂಬುದು.

ಅದನ್ನು ಕಂಡುಹಿಡಿಯುವ ದಾರಿ ಹೀಗಿದೆ. ದಿನವಿಡೀ ಗಮನಿಸಿದರೆ, ಒಳಗಿರುವ ಸಂಖ್ಯೆ ಐದರಿಂದ ಆರಕ್ಕೆ ಏರುವುದು ಎಷ್ಟು ಸಲವೋ ಆರರಿಂದ ಐದಕ್ಕೆ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ ಸಲ ಇರಬೇಕು. ಏರಿದ್ದು ಇಳಿಯದೆ ಮತ್ತೆ ಏರಲಾರದು. ಐದು ಕಾರಿರುವಾಗ ಏರುವ ವೇಗ ಗಂಟೆಗೆ 12, ಏಕೆಂದರೆ ಹೊಸ ಕಾರುಗಳು ಬರುವುದು ಆ ದರದಲ್ಲಿ. ಆರು ಕಾರಿರುವಾಗ ಇಳಿಯುವ ವೇಗ ಎಷ್ಟು? 40 ನಿಮಿಷ ನಿಲ್ಲುವ ಕಾರು ಎಂದರೆ ಗಂಟೆಗೆ ಒಂದೂವರೆ ಸಲ ಖಾಲಿಯಾಗುವ ಜಾಗ. ಅಂಥ ಆರು ಇರುವುದರಿಂದ ಗಂಟೆಗೆ 9. ಎರಡೂ ಕಡೆ ಸಮವಾಗಬೇಕಾದರೆ ಆರು ಕಾರು ಇರುವ ಹೊತ್ತು ಐದು ಕಾರು ಇರುವ ಹೊತ್ತಿನ 12/9 ಪಾಲು, ಅಂದರೆ 8/6 ಪಾಲು ಆಗಬೇಕು. ಎಲ್ಲ ಮೆಟ್ಟಿಲಿಗೂ ಇದೇ ನಿಯಮ: ಹಿಂದಿನ ಸಂಖ್ಯೆಯನ್ನು ಹೊರೆಯಿಂದ, ಅಂದರೆ 8ರಿಂದ ಗುಣಿಸಿ, ಈಗಿನ ಕಾರುಗಳ ಸಂಖ್ಯೆಯಿಂದ ಭಾಗಿಸುವುದು.

ಇನ್ನು ಪೆನ್ನು ಹಿಡಿಯಬಹುದು. ಒಂದೂ ಕಾರಿಲ್ಲದ ಸ್ಥಿತಿಗೆ 1 ಎಂದು ತೂಕ ಕೊಡಿ. ಒಂದು ಕಾರಿರುವ ಸ್ಥಿತಿಗೆ 1×8÷1, ಅಂದರೆ 8. ಎರಡಕ್ಕೆ 8×8÷2, ಅಂದರೆ 32. ಮೂರಕ್ಕೆ 32×8÷3, ಸುಮಾರು 85. ಹೀಗೇ ಮುಂದುವರಿದರೆ ನಾಲ್ಕರಿಂದ ಹತ್ತರವರೆಗಿನ ತೂಕಗಳು 171, 273, 364, 416, 416, 370, 296 ಎಂದು ಬರುತ್ತವೆ. ಎಲ್ಲವನ್ನೂ ಕೂಡಿದರೆ 2432. ಹತ್ತೂ ತುಂಬಿರುವ ಸ್ಥಿತಿಯ ಪಾಲು 296÷2432, ಅಂದರೆ 0.122. ನೂರಕ್ಕೆ 12. ಇದೇ ತಡೆಯ ಸಂಭವನೀಯತೆ, ಇದೇ ಎರ್ಲಾಂಗರ ಸೂತ್ರ. ಅದನ್ನು ಒಂದೇ ಸಾಲಿನಲ್ಲಿ ಬರೆದಾಗ ಕ್ರಮಗುಣಿತಗಳು ಬಂದು ಕಣ್ಣಿಗೆ ಕಷ್ಟವಾಗುತ್ತದೆ, ಆದರೆ ಮಾಡುವ ಕೆಲಸ ಇಷ್ಟೇ.

ಗಂಟೆಗೆ ಬರುವ 12 ಕಾರುಗಳಲ್ಲಿ 12.2 ಶೇಕಡಾ ಎಂದರೆ 1.46 ಕಾರು. ಅಂಗಡಿ ದಿನಕ್ಕೆ ಹತ್ತು ಗಂಟೆ ತೆರೆದಿರುವುದಾದರೆ ಬಂದ 120ರಲ್ಲಿ ಹದಿನಾಲ್ಕು ಹದಿನೈದು ಕಾರು ಗೇಟಿನಿಂದಲೇ ವಾಪಸ್. ಒಳಗೆ ಹೋದ ಕಾರುಗಳು ಗಂಟೆಗೆ 10.54, ಅವು 40 ನಿಮಿಷದಂತೆ ನಿಂತರೆ ಸರಾಸರಿ ತುಂಬಿರುವ ಜಾಗ 7.03. ಮಾಲೀಕರು ಕಿಟಕಿಯಿಂದ ಕಂಡ ಮೂರು ಖಾಲಿ ಜಾಗ ಇದೇ. ಬೇಡವಾದ ಹೊತ್ತಿನಲ್ಲಿ ಐದು ಜಾಗ ಖಾಲಿ ಇರುತ್ತವೆ, ಬೇಕಾದ ಹೊತ್ತಿನಲ್ಲಿ ಒಂದೂ ಇರುವುದಿಲ್ಲ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಮೂರು ಖಾಲಿ. ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಇದ್ದ ಜಾಗವನ್ನು ಸಂಜೆ ಆರೂವರೆಗೆ ಬಂದವನಿಗೆ ಎತ್ತಿಕೊಡಲು ಬರುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಕಾರು ನಿಲ್ಲುವ ಅವಧಿ ಒಬ್ಬೊಬ್ಬರದು ಒಂದೊಂದು ಬಗೆ, ಬರೀ 40 ನಿಮಿಷ ಎಂಬ ಸರಾಸರಿಯಿಂದ ಲೆಕ್ಕ ಸರಿಹೋದೀತೆ? ಹೋಗುತ್ತದೆ. ಎಲ್ಲರೂ ಸರಿಯಾಗಿ 40 ನಿಮಿಷ ನಿಂತರೂ, ಅರ್ಧ ಜನ 10 ನಿಮಿಷ ಇನ್ನರ್ಧ 70 ನಿಮಿಷ ನಿಂತರೂ ಉತ್ತರ ಅದೇ 12.2 ಶೇಕಡಾ. ಯಾವ ಬಗೆಯ ಅವಧಿಗೂ ಇದು ನಿಲ್ಲುತ್ತದೆ ಎಂಬುದನ್ನು ಸೋವಿಯತ್ ಗಣಿತಜ್ಞ ಬೊರಿಸ್ ಸೆವಾಸ್ತ್ಯಾನೊವ್ 1957ರಲ್ಲಿ ಸಾಧಿಸಿ ತೋರಿಸಿದರು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದು. ವ್ಯಾವಹಾರಿಕವಾಗಿ ಇದರ ಬೆಲೆಯೂ ದೊಡ್ಡದು: ಗಾಡಿಗಳ ಅವಧಿ ಹೇಗೆ ಹರಡಿಕೊಂಡಿದೆ ಎಂದು ಅಧ್ಯಯನ ಮಾಡುತ್ತ ಕೂರಬೇಕಿಲ್ಲ, ಚೀಟಿಯ ಮೇಲೆ ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆದು ಸರಾಸರಿ ತೆಗೆದರೆ ಸಾಕು.

ಆದರೆ ಗಂಟೆಗೆ 12 ಎಂಬ ಸಂಖ್ಯೆಯನ್ನು ಎಲ್ಲಿಂದ ತರುವುದು? ಕಷ್ಟದ ಪ್ರಶ್ನೆ ಇದು. ಗೇಟಿನಲ್ಲಿ ಹರಿದ ಚೀಟಿಗಳು ಒಳಗೆ ಹೋದವರ ಲೆಕ್ಕ ಮಾತ್ರ ಹೇಳುತ್ತವೆ. ವಾಪಸ್ ಹೋದವನು ಚೀಟಿ ಪಡೆಯಲಿಲ್ಲ, ಬಿಲ್ ಮಾಡಿಸಲಿಲ್ಲ, ದೂರು ಹೇಳಲಿಲ್ಲ. ಅಂಗಡಿಯ ಯಾವ ಪುಸ್ತಕದಲ್ಲೂ ಅವನ ಗುರುತಿಲ್ಲ. ದೂರದಿಂದಲೇ ಬೋರ್ಡು ಕಂಡು ಇಂಡಿಕೇಟರ್ ಆರಿಸಿ ಮುಂದೆ ಹೋದವನನ್ನಂತೂ ಸೆಕ್ಯೂರಿಟಿಯೂ ನೋಡಿರುವುದಿಲ್ಲ. ಚೀಟಿಗಳನ್ನು ಎಣಿಸಿ ‘ಗಂಟೆಗೆ ಹತ್ತೂವರೆ ಕಾರು ಬರುತ್ತವೆ’ ಎಂದು ಹೊರೆಯನ್ನು ಲೆಕ್ಕ ಹಾಕಿದರೆ, ಕಳೆದುಹೋದವರನ್ನು ಮೊದಲೇ ಬಿಟ್ಟು ಕಳೆದುಹೋದವರನ್ನು ಹುಡುಕಿದಂತಾಗುತ್ತದೆ. ಉತ್ತರ ಯಾವಾಗಲೂ ಕಡಿಮೆ ಬರುತ್ತದೆ.

ಇದಕ್ಕೆ ಪರಿಹಾರ ಇರುವುದು ಗಡಿಯಾರದಲ್ಲಿ. ಕಾರುಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮಷ್ಟಕ್ಕೆ ತಾವು ಬರುತ್ತಿದ್ದರೆ, ಸೈಟು ಎಷ್ಟು ಪಾಲು ಹೊತ್ತು ತುಂಬಿರುತ್ತದೋ ಬಂದವರಲ್ಲಿ ಅಷ್ಟೇ ಪಾಲು ಜನ ಅದನ್ನು ತುಂಬಿದ್ದಾಗ ಕಾಣುತ್ತಾರೆ. ಬರುವವನಿಗೆ ಒಳಗಿನ ಸ್ಥಿತಿ ಗೊತ್ತಿಲ್ಲ, ಅವನು ಬಂದ ಗಳಿಗೆ ದಿನದ ಯಾವುದೋ ಒಂದು ಗಳಿಗೆ. ಕೇಳಿದರೆ ಸಹಜ ಎನ್ನಿಸುವ ಈ ಮಾತಿಗೆ ವ್ಯಾಪಕವಾದ ಸಾಧನೆಯನ್ನು ಅಮೆರಿಕದ ರೊನಾಲ್ಡ್ ವುಲ್ಫ್ 1982ರಲ್ಲಿ ಕೊಟ್ಟರು. ಸೆಕ್ಯೂರಿಟಿ ಮಾಡಬೇಕಾದುದು ಇಷ್ಟೇ: ಬೋರ್ಡು ಇಟ್ಟ ಹೊತ್ತು, ತೆಗೆದ ಹೊತ್ತು ಬರೆದಿಡುವುದು. ಕಾಣದ ಗ್ರಾಹಕರನ್ನು ಎಣಿಸಬೇಕಾಗಿಲ್ಲ, ಕಾಣುವ ಬೋರ್ಡನ್ನು ಅಳೆದರಾಯಿತು. ಗಂಟೆಗೆ 10.54 ಚೀಟಿ ಹರಿದಿದೆ, ಹೊತ್ತಿನ 12.2 ಶೇಕಡಾ ಬೋರ್ಡು ಇತ್ತು ಎಂದರೆ, ಒಳಗೆ ಹೋದವರು ಬಂದವರ 87.8 ಶೇಕಡಾ. 10.54ನ್ನು 0.878ರಿಂದ ಭಾಗಿಸಿದರೆ 12 ಸಿಗುತ್ತದೆ. ಕಳೆದುಹೋದವರು ಗಂಟೆಗೆ 1.46.

ಒಂದು ಎಚ್ಚರಿಕೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಇಲ್ಲಿಯವರೆಗೆ ದಿನವಿಡೀ ಒಂದೇ ದರದಲ್ಲಿ ಕಾರು ಬರುತ್ತವೆ ಎಂದುಕೊಂಡೆವು. ಯಾವ ಅಂಗಡಿಯ ದಿನವೂ ಹಾಗಿರುವುದಿಲ್ಲ. ಮೊದಲ ಐದು ಗಂಟೆ ಗಂಟೆಗೆ 6 ಕಾರು, ಸಂಜೆಯ ಐದು ಗಂಟೆ ಗಂಟೆಗೆ 18 ಎಂದುಕೊಳ್ಳಿ. ಒಟ್ಟು ಮೊದಲಿನಂತೆ 120, ಸರಾಸರಿ ಮೊದಲಿನಂತೆ 12. ಆದರೆ ಈಗ ಹಗಲಿನ ಹೊರೆ 4, ಸಂಜೆಯ ಹೊರೆ 12. ಎರಡಕ್ಕೂ ತೂಕದ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿದರೆ ಹಗಲಿನಲ್ಲಿ ತಡೆ ಅರ್ಧ ಶೇಕಡಾ, ಸಂಜೆ 30 ಶೇಕಡಾ. ಹಗಲಿನಲ್ಲಿ ಒಬ್ಬನೂ ವಾಪಸಾಗುವುದಿಲ್ಲ ಎಂದೇ ಹೇಳಬಹುದು. ಸಂಜೆ ಬಂದ 90ರಲ್ಲಿ 27 ಕಾರು ಹೊರಗೆ. ಸಮವಾಗಿ ಬಂದಿದ್ದರೆ ಹದಿನೈದು ಇರುತ್ತಿದ್ದ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಬೋರ್ಡಿನ ಲೆಕ್ಕವೂ ಇಲ್ಲಿ ದಾರಿ ತಪ್ಪಿಸಬಲ್ಲದು. ಇಡೀ ದಿನದಲ್ಲಿ ಬೋರ್ಡು ಇದ್ದದ್ದು 600 ನಿಮಿಷದಲ್ಲಿ ಸುಮಾರು 92, ಅಂದರೆ 15 ಶೇಕಡಾ. ಹರಿದ ಚೀಟಿ 93. ದಿನವನ್ನು ಒಟ್ಟಿಗೆ ಹಿಡಿದು 93ನ್ನು 0.85ರಿಂದ ಭಾಗಿಸಿದರೆ ಬಂದವರು 109 ಎಂದೂ ಕಳೆದುಹೋದವರು 16 ಎಂದೂ ತೋರುತ್ತದೆ. ನಿಜವಾಗಿ ಹೋದವರು 27. ಬೋರ್ಡು ಇದ್ದ ಹೊತ್ತೇ ಜನ ದಟ್ಟವಾಗಿ ಬರುವ ಹೊತ್ತೂ ಆಗಿರುವುದರಿಂದ ಈ ವ್ಯತ್ಯಾಸ. ಸಂಜೆಯನ್ನು ಮಾತ್ರ ಬೇರೆಯಾಗಿ ತೆಗೆದುಕೊಂಡರೆ 63 ಚೀಟಿ, 300 ನಿಮಿಷದಲ್ಲಿ 90 ನಿಮಿಷ ಬೋರ್ಡು, 63ನ್ನು 0.7ರಿಂದ ಭಾಗಿಸಿದರೆ 90, ಕಳೆದುಹೋದವರು 27. ಆದ್ದರಿಂದ ಲೆಕ್ಕವನ್ನು ಗಂಟೆಗಂಟೆಗೆ ಮಾಡಬೇಕು, ಶನಿವಾರ ಭಾನುವಾರಗಳನ್ನು ಬೇರೆ ಇಡಬೇಕು. ತಿಂಗಳ ಸರಾಸರಿ ಎಂದು ಯಾರಾದರೂ ಒಂದೇ ಸಂಖ್ಯೆ ತಂದುಕೊಟ್ಟರೆ ಅದು ನಷ್ಟವನ್ನು ಕಡಿಮೆ ತೋರಿಸುತ್ತಿದೆ ಎಂದೇ ತಿಳಿಯಬೇಕು.

ಸಂಖ್ಯೆ ಕೈಗೆ ಸಿಕ್ಕ ಮೇಲೆ ಏನು ಮಾಡುವುದು? ಮಾಲೀಕರಿಗೆ ಮೊದಲು ಹೊಳೆಯುವುದು ಜಾಗ ಹೆಚ್ಚಿಸುವುದು. ಮೊದಲಿನ ಹೊರೆ 8ರ ಉದಾಹರಣೆಗೇ ಮರಳಿ ಹನ್ನೊಂದನೆಯ ಜಾಗವೊಂದನ್ನು ಹೊಂದಿಸಿದೆವು ಎನ್ನೋಣ. ತೂಕದ ಸಾಲನ್ನು ಇನ್ನೊಂದು ಹೆಜ್ಜೆ ಬೆಳೆಸಿದರಾಯಿತು: 296×8÷11, ಅಂದರೆ 215. ಒಟ್ಟು ಮೊತ್ತ 2647. ತಡೆ 8.1 ಶೇಕಡಾಕ್ಕೆ ಇಳಿಯಿತು. ದಿನಕ್ಕೆ ಸುಮಾರು ಐದು ಕಾರು ಉಳಿದವು. ಹನ್ನೆರಡನೆಯ ಜಾಗ ಮೂರೂವರೆ ಕಾರನ್ನು ಉಳಿಸುತ್ತದೆ, ತಡೆ 5.1 ಶೇಕಡಾ. ಹದಿನೈದನೆಯದಕ್ಕೆ ಬರುವ ಹೊತ್ತಿಗೆ ಒಂದು ಜಾಗ ದಿನಕ್ಕೆ ಒಂದು ಕಾರನ್ನಷ್ಟೇ ಉಳಿಸುತ್ತದೆ. ಎಷ್ಟು ಸೇರಿಸಿದರೂ ತಡೆ ಸೊನ್ನೆಯಾಗುವುದಿಲ್ಲ. ಒಂದು ಜಾಗದ ತಿಂಗಳ ಬಾಡಿಗೆ ಎಷ್ಟು, ಅದು ಉಳಿಸುವ ಗ್ರಾಹಕರಿಂದ ಬರುವ ಲಾಭ ಎಷ್ಟು ಎಂದು ಪಕ್ಕಪಕ್ಕ ಇಟ್ಟು, ಮೊದಲನೆಯದು ಎರಡನೆಯದನ್ನು ಮೀರಿದಲ್ಲಿ ನಿಲ್ಲಿಸಬೇಕು.

ಜಾಗ ಕೊಳ್ಳುವ ಮುಂಚೆ ಇರುವ ಜಾಗದಲ್ಲಿ ಯಾರ ಗಾಡಿ ನಿಂತಿದೆ ಎಂದು ನೋಡುವುದು ಒಳ್ಳೆಯದು. ಬೆಳಿಗ್ಗೆ ಬಂದ ಮಾಲೀಕರ ಕಾರು, ಮ್ಯಾನೇಜರರ ಕಾರು ರಾತ್ರಿ ಬಾಗಿಲು ಹಾಕುವವರೆಗೂ ನೆರಳಿರುವ ಎರಡು ಜಾಗ ಹಿಡಿದು ನಿಂತಿರುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಗ್ರಾಹಕರಿಗೆ ಉಳಿಯುವುದು ಎಂಟೇ ಜಾಗ. ಸಂಜೆಯ ಹೊರೆ 12 ಆಗಿರುವಾಗ ತಡೆ 30ರಿಂದ 42 ಶೇಕಡಾಕ್ಕೆ ಏರುತ್ತದೆ. ಗಂಟೆಗೆ ಐದೂವರೆ ಇದ್ದ ನಷ್ಟ ಏಳೂವರೆ ದಾಟುತ್ತದೆ. ಆ ಎರಡು ಕಾರುಗಳು ಸಂಜೆಯ ಐದು ಗಂಟೆಯಲ್ಲಿ ಹೊರಗಟ್ಟುವ ಗ್ರಾಹಕರು ಹತ್ತು ಹನ್ನೊಂದು. ಅವನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಲು ಒಂದು ಪೈಸೆ ಖರ್ಚಿಲ್ಲ.

ಅವಧಿಯನ್ನು ಇಳಿಸುವುದೂ ಹಾಗೆಯೇ ಫಲ ಕೊಡುತ್ತದೆ. ಸರಾಸರಿ 40 ನಿಮಿಷ 30ಕ್ಕೆ ಬಂದರೆ ಹೊರೆ 8ರಿಂದ 6ಕ್ಕೆ ಇಳಿದು ತಡೆ 12.2ರಿಂದ 4.3 ಶೇಕಡಾ ಆಗುತ್ತದೆ. ಎರಡು ಹೊಸ ಜಾಗ ಸೇರಿಸಿದಾಗ ಸಿಕ್ಕ 5.1ಕ್ಕಿಂತ ಇದು ಮೇಲು. ಸೀರೆ ನೋಡುವವರನ್ನು ಅವಸರಪಡಿಸಲಾಗದು, ಪಡಿಸಲೂಬಾರದು. ಆದರೆ ಬಿಲ್ಲಿಂಗ್ ಕೌಂಟರಿನಲ್ಲಿ, ಫಾಲ್ ಹಾಕಿಸುವ ಕಡೆ, ಪ್ಯಾಕಿಂಗಿನಲ್ಲಿ ಗ್ರಾಹಕರು ಸುಮ್ಮನೆ ನಿಲ್ಲುವ ನಿಮಿಷಗಳೂ ಆ ನಲವತ್ತರಲ್ಲಿ ಸೇರಿವೆ. ಇನ್ನೊಂದು ಕೌಂಟರ್ ತೆರೆದರೆ ಅದರ ಫಲ ಪಾರ್ಕಿಂಗ್ ಗೇಟಿನಲ್ಲಿ ಕಾಣುತ್ತದೆ.

ಗೇಟಿನ ಮುಂದೆ ಎರಡು ಕಾರುಗಳನ್ನು ಕಾಯಲು ಬಿಡುವುದು ಇನ್ನೊಂದು ಉಪಾಯ. ಆಗ ಒಟ್ಟು ಹಿಡಿಸುವುದು ಹನ್ನೆರಡು, ನಿಲ್ಲುವ ಜಾಗ ಮಾತ್ರ ಹತ್ತೇ. ಲೆಕ್ಕದಲ್ಲಿ ಆಗುವ ಬದಲಾವಣೆ ಚಿಕ್ಕದು: ಹತ್ತರ ನಂತರ ಎಷ್ಟು ಕಾರು ಬಂದರೂ ಹೊರಡುವ ವೇಗ ಹತ್ತು ಕಾರಿನದೇ, ಹಾಗಾಗಿ ಮುಂದಿನ ತೂಕಗಳಿಗೆ 11, 12ರಿಂದ ಅಲ್ಲ, 10ರಿಂದಲೇ ಭಾಗಿಸಬೇಕು. 296×8÷10 ಅಂದರೆ 237. ಮತ್ತೆ 8÷10ರಿಂದ ಗುಣಿಸಿದರೆ 189. ಮೊತ್ತ 2858, ವಾಪಸಾಗುವವರ ಪಾಲು 189÷2858, ಅಂದರೆ 6.6 ಶೇಕಡಾ. ಬಾಡಿಗೆಯಿಲ್ಲದೆ ನಷ್ಟ ಅರ್ಧಕ್ಕೆ ಹತ್ತಿರ ಇಳಿಯಿತು. ಹತ್ತೂ ತುಂಬಿದ್ದಾಗ ಸರಾಸರಿ ನಾಲ್ಕು ನಿಮಿಷಕ್ಕೊಂದು ಕಾರು ಹೊರಡುವುದರಿಂದ ಕಾಯಬೇಕಾದವರ ಸರಾಸರಿ ಕಾಯುವಿಕೆ ಆರು ನಿಮಿಷದೊಳಗೆ. ಹಾಗಿದ್ದರೂ ನಾನು ಈ ದಾರಿಯನ್ನು ಮನಸಾರೆ ಒಪ್ಪಲಾರೆ. ಆ ಎರಡು ಕಾರು ನಿಲ್ಲುವುದು ಅಂಗಡಿಯ ಸೈಟಿನಲ್ಲಲ್ಲ, ಬಸ್ಸು, ಆಟೋ, ಆಂಬುಲೆನ್ಸ್ ಓಡಾಡುವ ರಸ್ತೆಯಲ್ಲಿ. ಅಂಗಡಿ ಉಳಿಸಿಕೊಂಡ ನಷ್ಟವನ್ನು ಬೀದಿ ಹೊರುತ್ತದೆ. ಸೈಟಿನ ಒಳಗೇ ಪ್ರವೇಶದ ದಾರಿ ಉದ್ದವಾಗಿದ್ದು ಎರಡು ಕಾರು ಅಲ್ಲಿ ನಿಲ್ಲುವಂತಿದ್ದರೆ ಮಾತು ಬೇರೆ. ಅಂದಹಾಗೆ, ಕಾಯುವವರು ಬಂದ ಮೇಲೆ ಸೆವಾಸ್ತ್ಯಾನೊವ್ ಕೊಟ್ಟ ಭರವಸೆ ನಿಲ್ಲುವುದಿಲ್ಲ. ಆಗ ಅವಧಿಗಳ ಹರವೂ ಉತ್ತರವನ್ನು ಬದಲಿಸುತ್ತದೆ, ಈ 6.6 ಅಂದಾಜು ಮಾತ್ರ.

ಇಡೀ ಲೆಕ್ಕ ನಿಂತಿರುವುದು ಕಾರುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂಬ ಆಧಾರದ ಮೇಲೆ. ಕಲ್ಯಾಣಮಂಟಪದ ಪಾರ್ಕಿಂಗಿಗೆ ಇದನ್ನು ಹಚ್ಚಿದರೆ ಕೆಲಸಕ್ಕೆ ಬಾರದ ಉತ್ತರ ಬರುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಬರುವುದು ಒಂದೇ ಮುಹೂರ್ತಕ್ಕೆ. ಚಿತ್ರಮಂದಿರದ್ದೂ ಅದೇ ಕಥೆ. ಸೀರೆ ಅಂಗಡಿಯಲ್ಲೂ ಒಂದು ಮದುವೆ ಮನೆಯವರು ಮೂರು ಕಾರಿನಲ್ಲಿ ಒಟ್ಟಿಗೆ ಬರುವುದುಂಟು. ನಮ್ಮ ಗೇಟಿನಲ್ಲಿ ಆಧಾರ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಹೀಗೆ ಮಾಡಬಹುದು. ದರ ಹೆಚ್ಚು ಏರಿಳಿಯದ ಒಂದೆರಡು ಗಂಟೆಯನ್ನು ಆರಿಸಿ, ವಾಪಸ್ ಹೋದವರನ್ನೂ ಸೇರಿಸಿ, ಹತ್ತು ಹತ್ತು ನಿಮಿಷದಲ್ಲಿ ಎಷ್ಟು ಕಾರು ಬಂದವು ಎಂದು ಕೆಲವು ದಿನ ಬರೆದಿಡಿ. ಸರಾಸರಿ ತೆಗೆಯಿರಿ. ಪ್ರತಿ ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಆ ದೂರವನ್ನು ಅದರಿಂದಲೇ ಗುಣಿಸಿ, ಬಂದವುಗಳ ಸರಾಸರಿಯನ್ನೂ ತೆಗೆಯಿರಿ. ಕಾರುಗಳು ಸ್ವತಂತ್ರವಾಗಿ ಬರುತ್ತಿದ್ದರೆ ಈ ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಇರುತ್ತವೆ. ಮೊದಲನೆಯದು 2, ಎರಡನೆಯದು 5 ಎಂದು ಬಂದರೆ ಕಾರುಗಳು ಗುಂಪಾಗಿ ಬರುತ್ತಿವೆ, ನಿಜವಾದ ನಷ್ಟ ಸೂತ್ರ ಹೇಳಿದ್ದಕ್ಕಿಂತ ಹೆಚ್ಚು. ವೇಳೆ ಗೊತ್ತುಮಾಡಿ ಜನರನ್ನು ಕರೆಸುವ ದಂತವೈದ್ಯರ ಕ್ಲಿನಿಕ್ಕಿನಂಥ ಕಡೆ ಎರಡನೆಯ ಸಂಖ್ಯೆ ಚಿಕ್ಕದಾಗಿ ಬರುತ್ತದೆ, ನಷ್ಟವೂ ಸೂತ್ರಕ್ಕಿಂತ ಕಡಿಮೆ.

ಇನ್ನೊಂದು ತೊಡಕು, ವಾಪಸ್ ಹೋದವರೆಲ್ಲ ನಿಜಕ್ಕೂ ಹೋಗಿರುವುದಿಲ್ಲ. ಕೆಲವರು ಬೀದಿಗೆ ಒಂದು ಸುತ್ತು ಹಾಕಿ ಐದು ನಿಮಿಷದಲ್ಲಿ ಮತ್ತೆ ಗೇಟಿಗೆ ಬರುತ್ತಾರೆ. ಲೆಕ್ಕದಲ್ಲಿ ಅವರು ಇಬ್ಬರು ಗ್ರಾಹಕರಾಗುತ್ತಾರೆ. ಎಷ್ಟು ಸಲ ತಡೆದೆವು ಎಂಬುದನ್ನು ಎಷ್ಟು ಜನರನ್ನು ಕಳೆದುಕೊಂಡೆವು ಎಂದು ಓದಿದರೆ ನಷ್ಟ ಉಬ್ಬಿ ಕಾಣುತ್ತದೆ. ಕೆಲವು ಸಂಜೆ ವಾಪಸಾದ ಕಾರುಗಳ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಗುರುತು ಹಾಕಿಕೊಂಡರೆ ಮರಳಿ ಬರುವವರ ಪಾಲು ತಿಳಿಯುತ್ತದೆ, ಅಷ್ಟನ್ನು ಕಳೆದರಾಯಿತು.

ಕೊನೆಯದಾಗಿ ಗೋಡೆಯ ಆಚೆಗಿನ ಲೆಕ್ಕ. ಪಕ್ಕದಲ್ಲಿ ಒಂದು ಪಾತ್ರೆ ಅಂಗಡಿ ಇದೆ, ಅದಕ್ಕೂ ಹತ್ತು ಜಾಗ, ಅದಕ್ಕೂ ಹೊರೆ 8 ಎನ್ನೋಣ. ಎರಡಕ್ಕೂ ‘ನಮ್ಮ ಗ್ರಾಹಕರಿಗೆ ಮಾತ್ರ’ ಎಂಬ ಬೋರ್ಡು, ನಡುವೆ ಕಾಂಪೌಂಡ್. ಇಬ್ಬರೂ ಗಂಟೆಗೆ ಒಂದೂವರೆ ಕಾರಿನಂತೆ, ಒಟ್ಟು ಸುಮಾರು ಮೂರು ಕಾರು ಕಳೆದುಕೊಳ್ಳುತ್ತಿದ್ದಾರೆ. ಕಾಂಪೌಂಡ್ ತೆಗೆದು 20 ಜಾಗ, 16 ಹೊರೆ ಎಂದು ತೂಕದ ಸಾಲನ್ನು ಹೊಸದಾಗಿ ಬರೆದರೆ ತಡೆ 12.2ರಿಂದ 6.4 ಶೇಕಡಾಕ್ಕೆ ಬರುತ್ತದೆ. ಒಬ್ಬರ ಕಡೆ ತುಂಬಿದ ಗಳಿಗೆಯಲ್ಲಿ ಇನ್ನೊಬ್ಬರ ಕಡೆ ಖಾಲಿ ಇರುವ ಸಾಧ್ಯತೆ ಹೆಚ್ಚು, ಅಷ್ಟೇ ಕಾರಣ. ಒಂದಡಿ ಜಾಗವನ್ನೂ ಕೊಳ್ಳದೆ ಇಬ್ಬರದೂ ಸೇರಿ ನಷ್ಟ ಗಂಟೆಗೆ ಒಂದೂವರೆ ಕಾರಿಗೆ ಇಳಿಯುತ್ತದೆ. ಇಬ್ಬರಿಗೂ ಸಂಜೆಯೇ ದಟ್ಟಣೆಯಾದರೂ ಈ ಲಾಭ ಪೂರ್ತಿ ಹೋಗುವುದಿಲ್ಲ. ಪಕ್ಕದಲ್ಲಿರುವುದು ಪಾತ್ರೆ ಅಂಗಡಿಯಲ್ಲದೆ ಹಗಲಿನಲ್ಲಿ ತುಂಬಿ ಸಂಜೆ ಖಾಲಿಯಾಗುವ ಬ್ಯಾಂಕ್ ಆಗಿದ್ದರೆ ಇನ್ನೂ ಹೆಚ್ಚು.